ಎಂಟು ತಿಂಗಳ ವಿಶ್ರಾಂತಿ

ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತು ಕೆಲಸ ಮಾಡಿದ ಹೆಂಗಸು ಆಕೆ. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದಿದ್ದರೂ ಬೀದಿಯವರ ಬಾಯಲ್ಲಿ ಇನ್ನೂ ಕಂಡಕ್ಟರಮ್ಮ. ತಿರುವಿನಲ್ಲಿ ಬಸ್ಸು ವಾಲಿ ಜನರೆಲ್ಲ ಕಂಬಿಗೆ ಜೋತು ಬೀಳುತ್ತಿದ್ದಾಗ ಈಕೆ ಕಾಲು ಸ್ವಲ್ಪ ಅಗಲಿಸಿ, ಸೊಂಟವನ್ನು ಸೀಟಿನ ಅಂಚಿಗೆ ತಾಗಿಸಿಯೂ ತಾಗಿಸದ ಹಾಗೆ ನಿಂತು ಟಿಕೆಟ್ ಹರಿಯುತ್ತಿದ್ದಳು. ಅವಳ ಜೊತೆ ಹದಿನಾಲ್ಕು ವರ್ಷ ಒಂದೇ ಬಸ್ಸು ಓಡಿಸಿದ ಡ್ರೈವರಣ್ಣ ತಮಾಷೆಗೆ ಹೇಳುತ್ತಿದ್ದ: "ನಾನು ಬ್ರೇಕ್ ಹಾಕಿದ್ರೆ ಎಲ್ಲರೂ ಮುಂದೆ ಬೀಳ್ತಾರೆ, ಈಯಮ್ಮ ಮಾತ್ರ ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಾಳೆ."

ಅಂಥವಳು ಎಪ್ಪತ್ತನೆಯ ವಯಸ್ಸಿನಲ್ಲಿ, ಹಟ್ಟಹಗಲಲ್ಲಿ, ಬಲ್ಬು ತರಲು ಹೋಗಿ ಬಿದ್ದಳು. ಫುಟ್‌ಪಾತಿನ ಒಂದು ಚಪ್ಪಡಿ ಸಡಿಲವಾಗಿತ್ತು. ಕಾಲಿಟ್ಟಿದ್ದೇ ಅದು ಒಂದು ಕಡೆ ಎದ್ದಿತು, ಆಕೆ ಇನ್ನೊಂದು ಕಡೆ ಉರುಳಿದಳು. ಎಡ ತೊಡೆ, ಮೊಣಕೈ ನೆಲಕ್ಕೆ ಬಡಿದವು. ಸುತ್ತ ಜನ ಸೇರಿದರು. ಇಬ್ಬರು ಕಂಕುಳಿಗೆ ಕೈಹಾಕಿ ಎಬ್ಬಿಸಿದರು, ಒಬ್ಬರು ನೀರು ಕೊಟ್ಟರು. ಹಿಂದಿನಿಂದ ಯಾರೋ, "ಪಾಪ, ವಯಸ್ಸಾಗಿದೆ, ಮನೇಲಿ ಕೂತಿರಬಾರದಾ" ಅಂದರು. ಚಪ್ಪಡಿಯ ತಪ್ಪನ್ನು ಯಾರೂ ಎತ್ತಲಿಲ್ಲ. ತೊಡೆಯ ನೋವಿಗಿಂತ ಆ ಮಾತೇ ಹೆಚ್ಚು ಹೊತ್ತು ಉರಿಯಿತು.

ಹೊಲಿಗೆ ಅಂಗಡಿಯಿಂದ ತಂಗಿ ಓಡಿ ಬಂದಳು. ಅಕ್ಕ ಮದುವೆಯಾದವಳಲ್ಲ. ತಂಗಿಯ ಗಂಡ ತೀರಿಕೊಂಡ ಮೇಲೆ ಅಕ್ಕತಂಗಿಯರಿಬ್ಬರೂ ಸೇರಿ ಒಂದು ಪುಸ್ತಕದಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದರು. ಹದಿನೇಳು ಮೆಟ್ಟಿಲು. ತಂಗಿಗೆ ಅರವತ್ತಾರು. ಪರದೆ, ಪ್ಯಾಂಟಿನ ಅಂಚು, ಶಾಲೆಯ ಸಮವಸ್ತ್ರ ಹೊಲಿಯುವವಳು. ಕೈ ಬಹಳ ನಾಜೂಕು, ಮನಸ್ಸು ಅದಕ್ಕಿಂತ ನಾಜೂಕು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಅಕ್ಕ ಪರದೆಯ ಹಿಂದೆ ಬಟ್ಟೆ ಸರಿಮಾಡಿಕೊಳ್ಳುವಷ್ಟರಲ್ಲಿ ಡಾಕ್ಟರು ತಂಗಿಯ ಹತ್ತಿರ ಏನೋ ಹೇಳಿದರು, ಏನೋ ಬರೆದರು. ತಂಗಿ ಕಾಗದಗಳನ್ನೆಲ್ಲ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬಾಡಿಗೆ ಕಾರಿನಲ್ಲಿ ಅಕ್ಕ ಕೇಳಿದಳು: "ಏನಂದ್ರು?"

"ಮೂಳೆ ಮುರಿದಿಲ್ಲ. ಆದ್ರೆ ವಿಶ್ರಾಂತಿ ಬೇಕಂತೆ. ಒಬ್ಬಳೇ ಓಡಾಡೋದು ಬೇಡ್ವಂತೆ. ಇನ್ನೊಂದು ಸಲ ಬಿದ್ರೆ ಕಷ್ಟ ಅಂದ್ರು."

"ಎಷ್ಟು ದಿನ?"

"ದಿನ ಗಿನ ಏನೂ ಹೇಳಲಿಲ್ಲ." ತಂಗಿ ಕಿಟಕಿಯಾಚೆ ನೋಡುತ್ತಿದ್ದಳು.

ಆ ಕ್ಷಣ ಕಂಡಕ್ಟರಮ್ಮನ ಎದೆಯಿಂದ ಒಂದು ಭಾರ ಇಳಿಯಿತು. ನಾಳೆ ಮತ್ತೆ ಆ ಬೀದಿಗೆ ಇಳಿಯಬೇಕಾಗಿಲ್ಲ. ಆ ನೆಮ್ಮದಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತವಳು ಒಂದು ಚಪ್ಪಡಿಗೆ ಹೆದರಿದಳು ಎಂದು ಹೇಳಿಕೊಳ್ಳುವುದಾದರೂ ಹೇಗೆ?

ತೊಡೆಯ ಮೇಲಿನ ಕಂದಿದ ಕಲೆ ಮೂರು ವಾರದಲ್ಲಿ ಮಾಯವಾಯಿತು. ಹೆದರಿಕೆ ಮಾತ್ರ ಮಾಯುವ ಲಕ್ಷಣ ಕಾಣಲಿಲ್ಲ. ಮೊದಲು ಮೆಟ್ಟಿಲು ಇಳಿಯುವುದು ನಿಂತಿತು. ಆಮೇಲೆ ಬಾಲ್ಕನಿ, ಅಲ್ಲಿ ಬಟ್ಟೆ ಒಣಗಿಸಲು ತಲೆ ಎತ್ತಿದರೆ ಆಕಾಶ ಒಂದು ಕಡೆ ಸರಿದಂತಾಗುತ್ತಿತ್ತು. ಬಟ್ಟೆ ಒಣಗಿಸುವುದು ತಂಗಿಯ ಪಾಲಿಗೆ ಹೋಯಿತು. ಅಡುಗೆಗೆ ನಿಲ್ಲುವುದೂ ನಿಂತಿತು. ಸ್ನಾನಕ್ಕೆ ಹೋದರೆ ತಂಗಿ ಬಾಗಿಲ ಹೊರಗೆ ನಿಂತು, "ಅಕ್ಕ, ಇದ್ದೀಯಾ?" ಎಂದು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ಕಿಟಕಿಯ ಪಕ್ಕ ಒಂದು ಕುರ್ಚಿ ಬಂತು. ಬೆನ್ನಿಗೆ ತಂಗಿಯೇ ಹೊಲಿದ ದಿಂಬು. ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ತಂಗಿ ಊಟದ ಡಬ್ಬಿ, ನೀರು, ರಿಮೋಟು, ಕನ್ನಡಕ ಎಲ್ಲವನ್ನೂ ಕೈಗೆಟುಕುವ ಹಾಗೆ ಜೋಡಿಸಿ ಹೇಳುತ್ತಿದ್ದಳು: "ಏಳಬೇಡ. ನೀನು ಕೂತಿದ್ದೀಯಾ ಅಂತ ಗೊತ್ತಿದ್ರೆ ನನಗೆ ಅಲ್ಲಿ ಸೂಜಿ ಹಿಡಿಯೋಕೆ ಧೈರ್ಯ."

ಎದ್ದೇ ತೀರಬೇಕಾದಾಗ ಕಂಡಕ್ಟರಮ್ಮ ಬೀರು ಹಿಡಿದು, ಬೀರುವಿನಿಂದ ಮೇಜು ಹಿಡಿದು, ಮೇಜಿನಿಂದ ಗೋಡೆ ಹಿಡಿದು ನಡೆಯುತ್ತಿದ್ದಳು. ಕಣ್ಣು ಪಾದದ ಮೇಲೆಯೇ. ಹೆಜ್ಜೆ ಅಂಗೈಯಗಲ. ನಾಲ್ಕನೇ ತಿಂಗಳಿಗೆ ತೊಡೆ ನಡುಗತೊಡಗಿತು. ನಡುಗಿದ ಕೂಡಲೇ ಎದೆ ಡವಗುಟ್ಟುತ್ತಿತ್ತು, ಅಂಗೈ ಬೆವರುತ್ತಿತ್ತು. 'ನೋಡು, ನನ್ನ ಹೆದರಿಕೆ ಸುಳ್ಳಲ್ಲ, ಕಾಲೇ ಸಾಕ್ಷಿ ಹೇಳ್ತಿದೆ' ಅಂದುಕೊಂಡು ಮರಳಿ ಕೂರುತ್ತಿದ್ದಳು. ಇಷ್ಟು ವರ್ಷ ಹೇಳಿದ ಹಾಗೆ ಕೇಳಿದ ಕಾಲುಗಳು ಹೀಗೆ ಕೈಕೊಟ್ಟವಲ್ಲ ಎಂಬ ಕಹಿ ಬೇರೆ.

ಡ್ರೈವರಣ್ಣ ಪ್ರತಿ ಭಾನುವಾರ ಬರುತ್ತಿದ್ದವನು. ಮೊದಲ ತಿಂಗಳು ಒಂದು ಸಲ ಬಂದ. ಆಮೇಲೆ ಬರಲೇ ಇಲ್ಲ. ಭಾನುವಾರ ಮೆಟ್ಟಿಲಲ್ಲಿ ಸದ್ದಾದರೆ ಆಕೆಯ ಕಿವಿ ನೆಟ್ಟಗಾಗುತ್ತಿತ್ತು. ತಂಗಿ ಕೆಳಗೆ ಹೋಗಿ ಬಂದು, "ಯಾರೋ ಅಂಗಡಿಯವರು" ಅನ್ನುತ್ತಿದ್ದಳು. ಕೂತವಳನ್ನು ನೋಡಲು ಯಾರು ಬರುತ್ತಾರೆ ಎಂದು ಆಕೆ ಸುಮ್ಮನಾದಳು. ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅವನು ಮರೆತನೆಂಬ ಸಿಟ್ಟನ್ನು ಒಳಗೇ ಸಾಕಿಕೊಂಡಳು.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಏನೋ ಪಾರ್ಸೆಲ್ ಇರಬೇಕು. ಆಕೆ ಕುರ್ಚಿಯ ಕೈ ಒತ್ತಿ ಎರಡು ಸಲ ಏಳಲು ನೋಡಿದಳು, ಆಗಲಿಲ್ಲ. ಮೂರನೆಯ ಸಲ ಎದ್ದಳು. ಎರಡು ಹೆಜ್ಜೆ. ಮೂರನೆಯದಕ್ಕೆ ಮಂಡಿ ಮಡಚಿತು. ನೆಲದಲ್ಲಿ ಏನೂ ಇರಲಿಲ್ಲ, ನೀರಿಲ್ಲ, ಚಾಪೆಯಿಲ್ಲ, ಸಡಿಲ ಚಪ್ಪಡಿಯಿಲ್ಲ. ಮೇಜಿಗೆ ಕೈ ಚಾಚಿದಳು. ಮೇಜುಬಟ್ಟೆ ಕೈಗೆ ಬಂತು, ಮೇಜು ಬರಲಿಲ್ಲ. ಬಟ್ಟೆ, ಲೋಟ, ಆಕೆ, ಮೂವರೂ ನೆಲಕ್ಕೆ.

ಪೆಟ್ಟು ಅಷ್ಟಿರಲಿಲ್ಲ, ಮಣಿಕಟ್ಟು ಉಳುಕಿತ್ತು ಅಷ್ಟೆ. ಆದರೆ ಏಳಲಾಗಲಿಲ್ಲ. ಬೆನ್ನ ಮೇಲಿಂದ ಹೊರಳಲು ನೋಡಿದಳು, ಕೈಯೂರಿ ನೋಡಿದಳು, ಒದ್ದಾಡಿ ಒದ್ದಾಡಿ ಸುಸ್ತಾದಳು. ಕರೆಗಂಟೆ ಇನ್ನೊಂದು ಸಲ ಬಾರಿಸಿ, ಯಾರೋ ಮೆಟ್ಟಿಲಿಳಿದು ಹೋದ ಸದ್ದಾಯಿತು. ಕೂಗಿದಳು, ಗಂಟಲಿಗೂ ಬಲವಿರಲಿಲ್ಲ. ಮೂರು ತಾಸು ಹಾಗೇ ಮಲಗಿ ಮಂಚದ ಕೆಳಗಿನ ಧೂಳನ್ನು ನೋಡಿದಳು.

ಸಂಜೆ ತಂಗಿ ಬಂದವಳು ಬಾಗಿಲಲ್ಲೇ ಚೀಲ ಕೈಬಿಟ್ಟಳು. ಪೆಟ್ಟಾಯಿತಾ ಎಂದು ಕೇಳಲಿಲ್ಲ. ಬಾಯಿಂದ ಬಂದ ಮೊದಲ ಮಾತು: "ಯಾಕೆ ಎದ್ದೆ?"

ಮರುದಿನ ಅದೇ ಆಸ್ಪತ್ರೆ, ಅದೇ ಡಾಕ್ಟರು. ಪ್ರಶ್ನೆ ಅಕ್ಕನಿಗೆ ಕೇಳಿದರೆ ಉತ್ತರ ತಂಗಿಯಿಂದ ಬರುತ್ತಿತ್ತು. ಡಾಕ್ಟರು ಒಂದೆರಡು ಸಲ ಸಹಿಸಿಕೊಂಡರು. ಆಮೇಲೆ, "ನೀವು ಸ್ವಲ್ಪ ಹೋಗಿ ಆ ಎಕ್ಸ್‌ರೇ ಬಂತಾ ನೋಡ್ಕೊಂಡು ಬನ್ನಿ" ಎಂದು ತಂಗಿಯನ್ನು ಕಳಿಸಿ ಕಂಪ್ಯೂಟರಿನ ಪರದೆ ನೋಡಿದರು.

"ಅಮ್ಮ, ಹೋದ ಸಲ ಫಿಸಿಯೋಥೆರಪಿಗೆ ಬರೆದುಕೊಟ್ಟಿದ್ದೆ. ಯಾಕೆ ಹೋಗಲಿಲ್ಲ?"

"ಎಲ್ಲಿಗೆ?"

"ಕೆಳಗೇ ಇದೆ. ಬಿದ್ದವರಿಗೆ ಕಾಲಿಗೆ ಬಲ ಬರೋಕೆ, ಸಮತೋಲನಕ್ಕೆ ವ್ಯಾಯಾಮ ಹೇಳಿಕೊಡ್ತಾರೆ. ಅವರ ಕಡೆಯಿಂದ ನಿಮಗೆ ಎರಡು ಸಲ ಫೋನೂ ಹೋಗಿದೆ. 'ರೋಗಿಗೆ ಬರಲು ಇಷ್ಟವಿಲ್ಲ' ಅಂತ ಇಲ್ಲಿ ಬರೆದಿದೆ."

"ನನಗೆ ಯಾರೂ ಫೋನ್ ಮಾಡಿಲ್ಲ."

ಡಾಕ್ಟರು ನಂಬರು ಓದಿದರು. ತಂಗಿಯ ನಂಬರು.

"ನೀವು ವಿಶ್ರಾಂತಿ ತಗೊಳ್ಳಿ ಅಂದಿದ್ರಿ," ಅಂದಳು ಕಂಡಕ್ಟರಮ್ಮ. ಅವಳ ಧ್ವನಿ ಅವಳಿಗೇ ದೂರದಿಂದ ಕೇಳಿದಂತಿತ್ತು. "ಓಡಾಡಬೇಡಿ ಅಂದಿದ್ರಿ."

"ನಾನಾ? ಎರಡು ದಿನ ಕಾಲಿಗೆ ಆರಾಮ ಕೊಡಿ, ಮೂರನೇ ದಿನದಿಂದ ಮೊದಲಿನ ಹಾಗೆ ನಡೀರಿ ಅಂತ ಬರೆದಿದ್ದೀನಿ. ಮೂಳೆ ನೆಟ್ಟಗಿರೋರನ್ನ ನಾನ್ಯಾಕೆ ಕೂರಿಸಲಿ ಅಮ್ಮ?"

ಆಗ ತಂಗಿ ಎಕ್ಸ್‌ರೇ ಹಿಡಿದು ಒಳಗೆ ಬಂದಳು. ಡಾಕ್ಟರು ಆಕೆಯ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಎಕ್ಸ್‌ರೇಗೆ ಕೈ ಚಾಚಿದರು. ಅಕ್ಕನ ಎದೆಯೊಳಗೆ ಏನೋ ಕುಸಿದಿತ್ತು, ಮಂಡಿ ಮಡಚಿದಾಗ ಆದ ಹಾಗೆಯೇ. ಹಿಡಿಯಲು ಅಲ್ಲಿ ಗೋಡೆಯೂ ಇರಲಿಲ್ಲ. ಡಾಕ್ಟರರಿಗೆ ಇಷ್ಟು ಮಾತ್ರ ಹೇಳಿದಳು: "ಆ ಫಿಸಿಯೋ ಇವತ್ತೇ ಸಿಗ್ತಾರಾ?"

ಸಿಕ್ಕರು. ಫಿಸಿಯೋ ಮೇಡಂ ನಲವತ್ತರ ಆಸುಪಾಸಿನ, ಅಗಲ ಭುಜದ, ಗಡಸು ಗಂಟಲಿನ ಹೆಂಗಸು, ಕೊರಳಲ್ಲಿ ಸ್ಟಾಪ್‌ವಾಚು. ಗೋಡೆಗೆ ಒರಗಿದ ಒಂದು ಕುರ್ಚಿಯಲ್ಲಿ ಕಂಡಕ್ಟರಮ್ಮನನ್ನು ಕೂರಿಸಿದರು. ತಂಗಿ ಮೂಲೆಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಮೊದಲು ಒಂದಷ್ಟು ಪ್ರಶ್ನೆಗಳು. ಸ್ನಾನ ಮಾಡುವಾಗ ಬೀಳುತ್ತೇನೆಂಬ ಚಿಂತೆ ಎಷ್ಟು? ಮೆಟ್ಟಿಲು ಇಳಿಯುವಾಗ? ತಲೆಯ ಮೇಲಿನ ಡಬ್ಬ ತೆಗೆಯುವಾಗ? ನೆಂಟರ ಮನೆಗೆ ಹೋಗುವಾಗ? ಎಲ್ಲದಕ್ಕೂ ಆಕೆಯ ಉತ್ತರ, "ತುಂಬಾ." ಆಮೇಲೆ ಎದೆಯ ಮೇಲೆ ಕೈಕಟ್ಟಿ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರಬಹುದೋ ಅಷ್ಟು ಸಲ ಮಾಡಬೇಕೆಂದರು. ಆಕೆ ಮೂರು ಸಲ ಎದ್ದಳು. ಮೂರನೆಯ ಸಲ ಫಿಸಿಯೋ ಆಕೆಯ ಸೊಂಟಕ್ಕೆ ತಾವೇ ಕಟ್ಟಿದ್ದ ಪಟ್ಟಿ ಹಿಡಿದುಕೊಳ್ಳಬೇಕಾಯಿತು.

"ನಿಮ್ಮ ವಯಸ್ಸಿನವರು ಹತ್ತು ಸಲನಾದ್ರೂ ಏಳ್ತಾರೆ," ಅಂದರು ಫಿಸಿಯೋ. "ಈಗ ಎದ್ದು ಆ ಗೆರೆ ತನಕ ಹೋಗಿ ವಾಪಸ್ ಬಂದು ಕೂತ್ಕೊಳ್ಳಿ. ಮೂರೇ ಮೀಟರ್."

ಅದಕ್ಕೆ ಇಪ್ಪತ್ತಾರು ಸೆಕೆಂಡು ಹಿಡಿಯಿತು. ಹನ್ನೆರಡು ದಾಟಿದರೇ ಎಚ್ಚರ ಬೇಕಂತೆ. ಫಿಸಿಯೋ ಒಂದು ಸ್ಟೂಲು ಎಳೆದು ಎದುರಿಗೆ ಕೂತರು.

"ಕಾಲು ನೋಡ್ಕೊಂಡು, ಮೈಯೆಲ್ಲ ಮರದ ಹಾಗೆ ಬಿಗಿದು ನಡೀತೀರಿ. ಬೀಳಬಾರದು ಅಂತ ಹಾಗೆ ಮಾಡ್ತೀರಿ, ಆದ್ರೆ ಹಾಗೆ ಬಿಗಿದುಕೊಂಡ ಮೈಗೆ ಎಡವಿದಾಗ ಸಾವರಿಸಿಕೊಳ್ಳೋಕೆ ಆಗಲ್ಲ. ಹೆದರಿಕೆ ತಪ್ಪಲ್ಲ ಅಮ್ಮ. ಬಿದ್ದೋರು ಹೆದರ್ತಾರೆ. ನೀವು ಹೆದರಿ ಕೂತ್ರಿ. ಕೂತಿದ್ದಕ್ಕೆ ತೊಡೆ ಕರಗ್ತು. ಎದ್ದಾಗ ನಡುಗ್ತು. ಆ ನಡುಕ ನೋಡಿ ಇನ್ನೂ ಹೆದರಿದ್ರಿ, ಇನ್ನೂ ಕೂತ್ರಿ. ಮೊದಲ ಸಲ ನಿಮ್ಮನ್ನ ಕೆಡವಿದ್ದು ರಸ್ತೆ. ನಿನ್ನೆ ಕೆಡವಿದ್ದು ಕುರ್ಚಿ."

"ಮುಂಚೆನೇ ಬಂದಿದ್ರೆ?" ಕಂಡಕ್ಟರಮ್ಮ ಕೇಳಿದಳು. ಕಣ್ಣು ಮೂಲೆಯ ಕಡೆ ಇತ್ತು.

"ಎಂಟು ತಿಂಗಳ ಹಿಂದೆ ಬಂದಿದ್ರೆ ನೀವು ಇಷ್ಟೊತ್ತಿಗೆ ನನ್ನ ಹೆಸರೂ ಮರೆತಿರ್ತಿದ್ರಿ."

ಮೂಲೆಯಲ್ಲಿ ತಂಗಿ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು.

ಮನೆಗೆ ಬಂದು ಹದಿನೇಳು ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿ ಮುಗಿಸುವಷ್ಟರಲ್ಲಿ ಕಂಡಕ್ಟರಮ್ಮನಿಗೆ ಏದುಸಿರು. ತಂಗಿ ಮೊಣಕೈಗೆ ಕೈ ಚಾಚಿದಾಗ ಕೈ ಹಿಂದೆ ತೆಗೆದುಕೊಂಡಳು. ಒಳಗೆ ಬಂದು ಕುರ್ಚಿಯಲ್ಲಿ ಕೂರದೆ ಮಂಚದ ಮೇಲೆ ಕೂತು ಕೇಳಿದಳು: "ಆ ಚೀಟಿ ಎಲ್ಲಿ?"

ತಂಗಿ ಯಾವ ಚೀಟಿ ಅನ್ನಲಿಲ್ಲ. ಮನೆಯಲ್ಲಿದ್ದ ಹೊಲಿಗೆ ಯಂತ್ರದ ಡ್ರಾಯರು ತೆರೆದು, ಅಳತೆಯ ಕಾಗದಗಳ ಅಡಿಯಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದುಕೊಟ್ಟಳು. ಡಾಕ್ಟರು ಹೇಳಿದ್ದೆಲ್ಲ ಅದರಲ್ಲಿತ್ತು, ಓದಲು ಬರುವಂಥ ಅಕ್ಷರದಲ್ಲೇ ಇತ್ತು.

"ಬಿಸಾಕಲಿಲ್ಲ ಯಾಕೆ?"

"ಕೈ ಬರಲಿಲ್ಲ."

"ಬಚ್ಚಿಡೋಕೆ ಬಂತು."

ತಂಗಿ ಯಂತ್ರದ ಚಕ್ರ ಹಿಡಿದುಕೊಂಡು ನಿಂತಳು. "ಅಮ್ಮನಿಗೆ ಆಗಿದ್ದು ನೀನು ನೋಡಿಲ್ಲ ಅಕ್ಕ. ನೀನು ಬಸ್ಸಲ್ಲಿದ್ದೆ. ಮಂಡಿನೋವು ಅಂತ ಕೂತಿದ್ದೋಳನ್ನ, ಸ್ವಲ್ಪ ನಡಿಯಮ್ಮ, ಅಂಗಳದ ತನಕ ಹೋಗಿ ಬಾ ಅಂತ ಎಬ್ಬಿಸಿದ್ದು ನಾನು. ಅಂಗಳದಲ್ಲಿ ಬಿದ್ಲು. ಸೊಂಟದ ಮೂಳೆ ಮುರೀತು. ಮೂರು ತಿಂಗಳು ಹಾಸಿಗೇಲಿ. ಮಗ್ಗುಲು ಬದಲಿಸಿದ್ದೂ ನಾನೇ, ಕೊನೆಗೆ ಅವಳ ಕಣ್ಣು ಮುಚ್ಚಿಸಿದ್ದೂ ನಾನೇ. ಡಾಕ್ಟರು ನಡೆಸಿ ಅಂತ ಬರೆದಿದ್ದು ಓದಿದ ಕೂಡಲೇ ನನ್ನ ಕೈಕಾಲು ತಣ್ಣಗಾಯ್ತು. ಇನ್ನೊಬ್ಬಳನ್ನ ನಾನು ಎಬ್ಬಿಸಲ್ಲ ಅಂದುಕೊಂಡೆ."

ಕಂಡಕ್ಟರಮ್ಮನಿಗೆ ಇದು ಹೊಸ ಸುದ್ದಿ. ಅಮ್ಮ ತಾನಾಗಿಯೇ ಎದ್ದು ಹೋಗಿ ಬಿದ್ದಳೆಂದೇ ಇಪ್ಪತ್ತೆರಡು ವರ್ಷ ತಿಳಿದಿದ್ದಳು. ತಂಗಿಯ ಮೇಲೆ ಕರುಣೆ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು, ಕರುಣೆಯನ್ನು ಪಕ್ಕಕ್ಕೆ ತಳ್ಳಿಕೊಂಡು.

"ನಿನ್ನ ಹೆದರಿಕೆ ತಂದು ನನ್ನ ಕಾಲಿಗೆ ಕಟ್ಟಿದೆ. ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ನೀನೂ ಕೇಳಲಿಲ್ಲ," ತಂಗಿ ಮೆಲ್ಲಗೆ ಅಂದಳು. "ಎಂಟು ತಿಂಗಳಲ್ಲಿ ಒಂದು ದಿನ, ಆ ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ ಅನ್ನಲಿಲ್ಲ. ಕೂತ್ಕೋ ಅಂದಾಗ ನಿನ್ನ ಮುಖ ಅರಳಿದ್ದು ನಾನು ಕಾರಿನ ಕಿಟಕಿ ಗಾಜಲ್ಲೇ ನೋಡಿದ್ದೀನಿ."

ನಿಜವಾದ ಮಾತು ಮೋಸ ಮಾಡಿದವರ ಬಾಯಿಂದ ಬಂದಾಗ ಎರಡು ಪಟ್ಟು ಚುಚ್ಚುತ್ತದೆ. ಆ ದಿನ ಇಬ್ಬರೂ ಬೇರೆ ಬೇರೆ ಊಟ ಮಾಡಿದರು.

ಅಷ್ಟಕ್ಕೇ ಮುಗಿದಿದ್ದರೆ ಆಕೆ ಬಹುಶಃ ನಾಲ್ಕು ದಿನದಲ್ಲಿ ಮೆತ್ತಗಾಗುತ್ತಿದ್ದಳು. ಆದರೆ ಭಾನುವಾರ ಧೈರ್ಯ ಮಾಡಿ ಡ್ರೈವರಣ್ಣನಿಗೆ ಫೋನ್ ಹಚ್ಚಿದಳು. ಬೈಯುವುದಕ್ಕೆಂದೇ ಹಚ್ಚಿದ್ದು.

"ಏನ್ರೀ, ಕಂಡಕ್ಟರ್ ಇಳಿದ ಮೇಲೆ ಬಸ್ಸು ಈ ಕಡೆ ಬರೋದೇ ಬಿಟ್ಟಿತಾ?"

ಡ್ರೈವರಣ್ಣ ಗಲಿಬಿಲಿಗೊಂಡ. "ನಾನು ಬರ್ತಾನೇ ಇದ್ದೆನಲ್ಲ. ಐದಾರು ಸಲ ಬಂದೆ. ನಿಮ್ಮ ತಂಗಿ ಕೆಳಗೇ ನಿಂತು, ಅಕ್ಕನಿಗೆ ಯಾರನ್ನೂ ನೋಡೋ ಮನಸ್ಸಿಲ್ಲ, ನೋಡಿದ್ರೆ ಬೇಜಾರು ಮಾಡ್ಕೋತಾಳೆ ಅಂದ್ರು. ಅಷ್ಟು ಹೇಳಿದ ಮೇಲೆ ನಾನು ಹೇಗೆ ಹತ್ತಿ ಬರಲಿ?"

ಕಂಡಕ್ಟರಮ್ಮ ಫೋನ್ ಕೆಳಗಿಟ್ಟಳು. ಚೀಟಿ ಬಚ್ಚಿಟ್ಟದ್ದನ್ನು ಹೆದರಿಕೆಯ ಲೆಕ್ಕಕ್ಕೆ ಹಾಕಬಹುದಿತ್ತು. ಇದನ್ನು ಯಾವುದಕ್ಕೆ ಹಾಕುವುದು? ಕೇಳಿದಾಗ ತಂಗಿ ಹೇಳಿದ್ದು ಇಷ್ಟೇ: "ಅವರು ಬಂದ್ರೆ, ನಡೀರಿ ಹೊರಗೆ ಹೋಗೋಣ ಅಂತಾರೆ. ನೀನು ಹೋಗಿಬಿಡ್ತೀಯಾ." ಆಗ ಅಕ್ಕನಿಗೆ ಅರ್ಥವಾಯಿತು, ಅಥವಾ ಅರ್ಥವಾದಂತೆ ಅನ್ನಿಸಿತು: ತನ್ನನ್ನು ಕೂರಿಸಿದ್ದು ಬೀಳುವ ಭಯ ಮಾತ್ರವಲ್ಲ. ಮನೆಯಲ್ಲಿ ಸದಾ ಯಾರೋ ತನಗಾಗಿ ಕಾಯುತ್ತಿದ್ದಾರೆಂಬುದು ತಂಗಿಗೆ ರುಚಿಸಿತ್ತು.

ಮಾರನೆಯ ದಿನದಿಂದ ವ್ಯಾಯಾಮ ಶುರುವಾಯಿತು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಏಳುವುದು ಕೂರುವುದು, ಒಂದು ಪಾದದ ಹಿಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು. ಮೊದಲ ವಾರ ತೊಡೆ ಎಷ್ಟು ನೋಯಿತೆಂದರೆ ಆಕೆ ಫಿಸಿಯೋ ಮುಂದೆಯೇ ಅವರ ವಂಶಕ್ಕೆಲ್ಲ ಶಾಪ ಹಾಕಿದಳು. ಫಿಸಿಯೋ ನಕ್ಕು, ಇನ್ನೂ ಐದು ಅಂದರು. ಹೆದರಿಕೆಗೂ ಅವರ ಹತ್ತಿರ ಒಂದು ಪಟ್ಟಿ ಇತ್ತು: ಎಲ್ಲಕ್ಕಿಂತ ಕಡಿಮೆ ಹೆದರಿಸುವ ಕೆಲಸ ಮೊದಲು, ಅದು ಸಲೀಸಾದ ಮೇಲೆ ಮುಂದಿನದು. ಬಾಲ್ಕನಿ, ಸ್ನಾನ, ಎರಡು ಮೆಟ್ಟಿಲು, ಐದು ಮೆಟ್ಟಿಲು. ಎದೆ ಡವಗುಟ್ಟಿದರೆ ಓಡಿಹೋಗಿ ಕೂರಬಾರದು. ಅಲ್ಲೇ ನಿಂತು ಉಸಿರು ಬಿಡಬೇಕು, ಅದು ತಾನಾಗಿ ಇಳಿಯುವ ತನಕ. ಮೊದಲ ಸಲ ಇಳಿಯಲು ಆರು ನಿಮಿಷ ಬೇಕಾಯಿತು. ಆದರೆ ಇಳಿಯಿತು.

ಬಿದ್ದರೆ ಏಳುವುದನ್ನೂ ಕಲಿಸಿದರು. ನೆಲದ ಮೇಲೆ ಚಾಪೆ ಹಾಸಿ, ಮಗ್ಗುಲಾಗಿ, ಅಂಬೆಗಾಲಿಗೆ ಬಂದು, ಕುರ್ಚಿಯವರೆಗೆ ತೆವಳಿ, ಕೂರುವ ಜಾಗಕ್ಕೆ ಎರಡೂ ಕೈಯೂರಿ, ಬಲವಿರುವ ಕಾಲನ್ನು ಮುಂದಿಟ್ಟು ಏಳುವುದು. ಅದು ಸಾಧ್ಯವಾದ ದಿನ ಕಂಡಕ್ಟರಮ್ಮ ಮಕ್ಕಳ ಹಾಗೆ ಇನ್ನೆರಡು ಸಲ ಬೇಕೆಂದೇ ಮಲಗಿ ಎದ್ದಳು. ನೆಲದ ಮೇಲೆ ಕಳೆದ ಆ ಮೂರು ತಾಸಿನ ಭಯ ಅಂದು ಅರ್ಧಕ್ಕರ್ಧ ಕರಗಿತು.

ತಂಗಿ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅಕ್ಕ ಎದ್ದು ನಿಂತ ಕೂಡಲೇ ಒಳಕೋಣೆಗೆ ಹೋಗಿ ಯಂತ್ರ ತುಳಿಯುತ್ತಿದ್ದಳು. ಡ್ರೈವರಣ್ಣ ಭಾನುವಾರ ಬಂದು, "ಏಳಿ, ಇನ್ನೊಂದು ಸ್ಟಾಪ್ ಇದೆ" ಎಂದು ಎಣಿಸುತ್ತಿದ್ದರೆ ಒಳಗೆ ಯಂತ್ರದ ಸದ್ದು ಜೋರಾಗುತ್ತಿತ್ತು. ಫಿಸಿಯೋ ಒಮ್ಮೆ, "ನಿಮ್ಮ ತಂಗೀನೂ ಕರ್ಕೊಂಡು ಬನ್ನಿ, ಅವರಿಗೂ ಹೇಳೋದಿದೆ" ಅಂದರು. ಅಕ್ಕ ಹೇಳಿದಳು. ತಂಗಿ ತಲೆಯಾಡಿಸಿ, ಹೋಗಲಿಲ್ಲ.

ನಾಲ್ಕು ತಿಂಗಳಿಗೆ ಅರ್ಧ ನಿಮಿಷದಲ್ಲಿ ಒಂಬತ್ತು ಸಲ ಏಳುವಂತಾಯಿತು. ಗೆರೆಯ ತನಕ ಹೋಗಿ ಬರಲು ಹದಿಮೂರು ಸೆಕೆಂಡು. ಹೆದರಿಕೆ ಪೂರ್ತಿ ಹೋಗಲಿಲ್ಲ; ಮಳೆ ಬಿದ್ದ ದಿನ ಈಗಲೂ ಬೆನ್ನಲ್ಲಿ ಚಳುಕು. ಆದರೆ ಅದು ಹೇಳಿದ್ದನ್ನೆಲ್ಲ ಆಕೆ ಕೇಳುತ್ತಿರಲಿಲ್ಲ. ಆಸ್ಪತ್ರೆಯ ಕಾಗದಗಳೆಲ್ಲ ಈಗ ಆಕೆಯ ಬೀರುವಿನಲ್ಲಿ, ಬೀಗದ ಕೈ ಆಕೆಯ ಸೊಂಟದಲ್ಲಿ. ಡಾಕ್ಟರರ ಬಳಿ ಒಬ್ಬಳೇ ಹೋಗುತ್ತಾಳೆ. ತಂಗಿ, "ಏನಂದ್ರು?" ಅಂದರೆ, "ಚೆನ್ನಾಗಿದೀನಂತೆ" ಎಂದಷ್ಟೇ ಹೇಳುತ್ತಾಳೆ. ಇನ್ನೂ ಏನಾದರೂ ಹೇಳಲೆಂದು ತಂಗಿ ಕಾಯುವುದು ಗೊತ್ತಾಗುತ್ತದೆ. ಹೇಳುವುದಿಲ್ಲ.

ಮೊನ್ನೆ ಒಂದು ಸಂಜೆ ಕಂಡಕ್ಟರಮ್ಮ ತರಕಾರಿ ತರಲು ಹೊರಟಾಗ ತಂಗಿ ಯಂತ್ರ ನಿಲ್ಲಿಸಿ ಎದ್ದು ಬಂದಳು. "ನಾನೂ ಬರ್ಲಾ?"

"ಬಾ. ಆದ್ರೆ ನನ್ನ ಹಿಂದೆ ನಿಂತು ಉಸಿರು ಬಿಗಿಹಿಡೀಬೇಡ. ನನಗೆ ಕೇಳಿಸುತ್ತೆ. ಮೊದಲು ನೀನು ಇಳಿ."

ತಂಗಿ ಇಳಿದಳು. ಕೊನೆಯ ಮೆಟ್ಟಿಲ ಬಳಿ ನಿಂತು, ಮೇಲೆ ನೋಡದಿರಲು ಬೀದಿಯ ಕಡೆ ಮುಖ ತಿರುಗಿಸಿದಳು. ಕೈಗಳು ಮಾತ್ರ ಸೀರೆಯ ಸೆರಗನ್ನು ಹಿಂಡುತ್ತಿದ್ದವು. ಅಕ್ಕ ಒಂದು ಕೈ ಕಂಬಿಯ ಮೇಲಿಟ್ಟು, ತಲೆಯೆತ್ತಿ, ನಿಧಾನವಾಗಿ ಹದಿನೇಳೂ ಮೆಟ್ಟಿಲು ಇಳಿದು, ತಂಗಿಯ ಪಕ್ಕದಿಂದ ದಾಟಿ ಬೀದಿಗೆ ಬಂದಳು. ಇಬ್ಬರೂ ತರಕಾರಿ ಅಂಗಡಿಯ ಕಡೆ ನಡೆದರು, ಮಾತಿಲ್ಲದೆ, ನಡುವೆ ಒಂದು ಮಾರು ಜಾಗ ಬಿಟ್ಟು.